ಬೆಲೆಗೂ ಮೊದಲು ಹೆಸರು ಓದಿ

ಕೈಯಲ್ಲಿರುವ ಷೇರನ್ನು ಕೊಳ್ಳುತ್ತೇವೆ ಎಂದು ಯಾರಾದರೂ ‘ಮುಕ್ತ ಕೊಡುಗೆ’ಯ ಪತ್ರ ಕಳಿಸಿದರೆ ನಾವೆಲ್ಲ ಮಾಡುವುದು ಒಂದೇ ಕೆಲಸ. ಬೆಲೆ ಎಲ್ಲಿದೆ ಎಂದು ಹುಡುಕುತ್ತೇವೆ. ಪೇಟೆಯ ಬೆಲೆಗಿಂತ ಹೆಚ್ಚಿದ್ದರೆ ಕೊಡೋಣ ಅಂದುಕೊಳ್ಳುತ್ತೇವೆ, ಕಡಿಮೆಯಿದ್ದರೆ ಪತ್ರವನ್ನು ಪಕ್ಕಕ್ಕೆ ಎಸೆಯುತ್ತೇವೆ. ಹೀಗೆ ಎಸೆದ ಪತ್ರದಲ್ಲಿ ಒಂದು ಕಂಪನಿಯ ಯಜಮಾನಿಕೆ ಯಾರ ಕೈಗೆ ಹೋಗುತ್ತಿದೆ ಎಂಬ ಕಥೆ ಪೂರ್ತಿ ಬರೆದಿರುತ್ತದೆ. ಎನ್‌ಡಿಟಿವಿಯ ಪತ್ರವನ್ನೇ ಉದಾಹರಣೆಯಾಗಿ ಬಿಡಿಸಿ ನೋಡೋಣ.

2022ರ ಆಗಸ್ಟ್ 23ರಂದು ಹೊರಬಿದ್ದ ಸಾರ್ವಜನಿಕ ಪ್ರಕಟಣೆ ಹೇಳಿದ್ದು ಇಷ್ಟು: ಎನ್‌ಡಿಟಿವಿಯ 1,67,62,530 ಷೇರುಗಳನ್ನು, ಅಂದರೆ ಶೇ 26ರಷ್ಟನ್ನು, ತಲಾ 294 ರೂಪಾಯಿಗೆ ಕೊಳ್ಳಲಾಗುವುದು. ಎಲ್ಲರೂ ಕೊಟ್ಟರೆ ಒಟ್ಟು ಖರ್ಚು ಸುಮಾರು 493 ಕೋಟಿ. ಕೊಳ್ಳುವವರ ಹೆಸರು ವಿಶ್ವಪ್ರಧಾನ್ ಕಮರ್ಷಿಯಲ್ ಪ್ರೈವೇಟ್ ಲಿಮಿಟೆಡ್. ಷೇರುಪೇಟೆಯಲ್ಲಿ ದಿನಾ ಓಡಾಡುವವರಲ್ಲೂ ಹೆಚ್ಚಿನವರು ಕೇಳದ ಹೆಸರು ಅದು.

ಓದುಗ ಇಲ್ಲಿಯೇ ನಿಲ್ಲಬೇಕು, ಮುಂದಿನ ಸಾಲಿಗೆ ಕಣ್ಣು ಹಾಯಿಸಬೇಕು. ಕೊಳ್ಳುವವನ ಹೆಸರಿನ ಕೆಳಗೆ ‘ಜೊತೆಗೂಡಿ ವರ್ತಿಸುವವರು’ ಎಂಬ ಪಟ್ಟಿ ಇರುತ್ತದೆ. ಒಂದೇ ಉದ್ದೇಶಕ್ಕಾಗಿ ಕೈಜೋಡಿಸಿದವರನ್ನೆಲ್ಲ ಹೀಗೆ ಹೆಸರಿಸಬೇಕು ಎನ್ನುವುದು ಸೆಬಿ 2011ರಲ್ಲಿ ತಂದ ಸ್ವಾಧೀನ ನಿಯಮಗಳ ಕಟ್ಟಳೆ. ಎನ್‌ಡಿಟಿವಿ ಪತ್ರದ ಆ ಪಟ್ಟಿಯಲ್ಲಿ ಎರಡು ಹೆಸರುಗಳಿದ್ದವು: ಎಎಂಜಿ ಮೀಡಿಯಾ ನೆಟ್‌ವರ್ಕ್ಸ್ ಮತ್ತು ಅದಾನಿ ಎಂಟರ್‌ಪ್ರೈಸಸ್. ಎಎಂಜಿ ಎಂಬುದು ಅದಾನಿ ಎಂಟರ್‌ಪ್ರೈಸಸ್‌ನ ಅಂಗಸಂಸ್ಥೆ. ಅದು ಅದೇ ದಿನ ವಿಶ್ವಪ್ರಧಾನ್ ಕಂಪನಿಯನ್ನು ಸುಮಾರು 114 ಕೋಟಿಗೆ ಕೊಂಡಿತ್ತು. ಮೊದಲ ಸಾಲಿನ ಹೆಸರು ಬಾಗಿಲಿಗೆ ತೂಗುಹಾಕಿದ ಫಲಕವಷ್ಟೇ. ಮನೆಯ ಯಜಮಾನ ಎರಡನೇ ಸಾಲಿನಲ್ಲಿದ್ದ.

ಮುಂದಿನ ಪ್ರಶ್ನೆ, ಈ ಕೊಡುಗೆ ಯಾಕೆ ಬಂತು? ಉತ್ತರ ‘ಕೊಡುಗೆಯ ಹಿನ್ನೆಲೆ’ ಎಂಬ ಭಾಗದಲ್ಲಿ ಸಿಗುತ್ತದೆ. ಒಂದು ಕಂಪನಿಯ ಮತಾಧಿಕಾರದಲ್ಲಿ ಶೇ 25 ಅಥವಾ ಅದಕ್ಕಿಂತ ಹೆಚ್ಚು ಯಾರ ಕೈಗಾದರೂ ಬಂದರೆ, ಅಥವಾ ಕಂಪನಿಯ ಹಿಡಿತವೇ ಕೈಬದಲಾದರೆ, ಉಳಿದ ಷೇರುದಾರರಿಂದ ಕನಿಷ್ಠ ಶೇ 26ರಷ್ಟನ್ನು ಕೊಳ್ಳಲು ಮುಂದಾಗಲೇಬೇಕು. ಷೇರುಗಳನ್ನು ನೇರವಾಗಿ ಕೊಳ್ಳದೆ, ಅವು ಇರುವ ಇನ್ನೊಂದು ಕಂಪನಿಯನ್ನು ಕೊಂಡರೂ ನಿಯಮ ಬಿಡುವುದಿಲ್ಲ. ಎನ್‌ಡಿಟಿವಿಯಲ್ಲಿ ಆದದ್ದು ಇದೇ.

ಸ್ಥಾಪಕರಾದ ರಾಧಿಕಾ ರಾಯ್ ಮತ್ತು ಪ್ರಣಯ್ ರಾಯ್ ಅವರಿಗೆ ಆರ್‌ಆರ್‌ಪಿಆರ್ ಹೋಲ್ಡಿಂಗ್ ಎಂಬ ಕಂಪನಿಯಿತ್ತು. ಎನ್‌ಡಿಟಿವಿಯ ಶೇ 29.18ರಷ್ಟು ಷೇರು ಅದರ ಹೆಸರಿನಲ್ಲಿತ್ತು. ಹತ್ತು ವರ್ಷಕ್ಕೂ ಹಿಂದೆ ಈ ಕಂಪನಿ ವಿಶ್ವಪ್ರಧಾನ್‌ನಿಂದ 403.85 ಕೋಟಿ ರೂಪಾಯಿ ಸಾಲ ಪಡೆದು, ಪ್ರತಿಯಾಗಿ ವಾರಂಟ್‌ಗಳನ್ನು ಕೊಟ್ಟಿತ್ತು. ವಾರಂಟ್ ಎಂದರೆ ಮುಂದೊಂದು ದಿನ ಷೇರಾಗಿ ಬದಲಾಯಿಸಿಕೊಳ್ಳಬಹುದಾದ ಹಕ್ಕುಪತ್ರ. ಆ ದಿನ ಬಂದಾಗ, ಆರ್‌ಆರ್‌ಪಿಆರ್‌ನ ಶೇ 99.5 ವಿಶ್ವಪ್ರಧಾನ್‌ನದಾಯಿತು. ಇದು ತಮ್ಮನ್ನು ಕೇಳದೆ, ತಮ್ಮ ಒಪ್ಪಿಗೆಯಿಲ್ಲದೆ ಆದ ಕೆಲಸ ಎಂದು ಸ್ಥಾಪಕರು ಹೇಳಿದರು. ಹಳೆಯ ಸಾಲಪತ್ರದ ಒಂದು ಕರಾರು, ಸದ್ದಿಲ್ಲದೆ ಮಲಗಿದ್ದು, ಎದ್ದು ಬಂದು ಬಾಗಿಲು ತಟ್ಟಿತ್ತು.

ಈಗ ಲೆಕ್ಕಕ್ಕೆ ಬರೋಣ. ಪತ್ರದಲ್ಲಿ ಕೊಡುಗೆಗೆ ಮುಂಚಿನ ಮತ್ತು ನಂತರದ ಷೇರುಪಾಲು ತೋರಿಸುವ ಕೋಷ್ಟಕ ಇರುತ್ತದೆ. ‘ನಂತರ’ ಎಂಬ ಕಾಲಂ ಓದುವಾಗ ಎಚ್ಚರ ಬೇಕು. ಷೇರುದಾರರೆಲ್ಲ ಪೂರ್ತಿಯಾಗಿ ಕೊಟ್ಟರೆ ಎಂಬ ಊಹೆಯ ಮೇಲೆ ಅದನ್ನು ಬರೆದಿರುತ್ತಾರೆ. ಇಲ್ಲಿ 29.18ಕ್ಕೆ 26 ಕೂಡಿಸಿದರೆ 55.18. ಅದು ಗರಿಷ್ಠ ಮಿತಿ, ಆಗಿಯೇ ತೀರುವ ಸಂಗತಿಯಲ್ಲ.

ನಿಜವಾಗಿ ಆದದ್ದು ಬೇರೆ. ಪ್ರಕಟಣೆ ಬಂದ ದಿನವೇ ಪೇಟೆಯ ಬೆಲೆ 360 ರೂಪಾಯಿ ದಾಟಿತ್ತು. ಕೊಡುಗೆಯ ಬೆಲೆ ನಿಗದಿಸುವ ನಿಯಮದ ಸೂತ್ರ ಹಿಂದಿನ ವ್ಯವಹಾರಗಳ ದರ ಮತ್ತು ಹಿಂದಿನ ವಾರಗಳ ಸರಾಸರಿಯನ್ನು ನೋಡುತ್ತದೆ, ನಾಳೆಯ ಉತ್ಸಾಹವನ್ನು ನೋಡುವುದಿಲ್ಲ. ಹಾಗಾಗಿ ನವೆಂಬರ್ 22ರಿಂದ ಡಿಸೆಂಬರ್ 5ರವರೆಗೆ ಕೊಡುಗೆ ತೆರೆದಿದ್ದಾಗ ಬಂದದ್ದು 53 ಲಕ್ಷ ಚಿಲ್ಲರೆ ಷೇರು, ಅಂದರೆ ಶೇ 8.26 ಮಾತ್ರ. 26 ಕೇಳಿದವರಿಗೆ 8 ಸಿಕ್ಕರೆ ಸೋಲು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಕೋಷ್ಟಕವನ್ನು ಇನ್ನೊಮ್ಮೆ ನೋಡಿ. ಪ್ರವರ್ತಕರ ಪಾಲು ಒಟ್ಟು ಶೇ 61.45 ಎಂದು ಒಂದೇ ಅಂಕಿಯಾಗಿ ಕಾಣುತ್ತಿದ್ದದ್ದು ಈಗ ಎರಡು ಹೋಳಾಗಿತ್ತು. ಆರ್‌ಆರ್‌ಪಿಆರ್‌ನ 29.18 ಹೊಸಬರ ಕಡೆ. ಸ್ಥಾಪಕರ ಸ್ವಂತ ಹೆಸರಿನಲ್ಲಿದ್ದ 32.26 ಅವರ ಕಡೆ. ಕೊಡುಗೆಗೆ ಮುಂಚೆ ಸ್ಥಾಪಕರೇ ಮುಂದಿದ್ದರು, ಮೂರು ಅಂಕಗಳಷ್ಟು. ಹೊಸಬರ 29.18ಕ್ಕೆ 8.26 ಸೇರಿದಾಗ 37.44 ಆಯಿತು. ತಕ್ಕಡಿ ವಾಲಲು ಬೇಕಿದ್ದದ್ದು 26 ಅಲ್ಲ, 3ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ‘ವಿಫಲ’ ಎಂದು ಕಂಡ ಕೊಡುಗೆ ಅವರನ್ನು ಕಂಪನಿಯ ಅತಿ ದೊಡ್ಡ ಷೇರುದಾರರನ್ನಾಗಿ ಮಾಡಿತ್ತು. ಈ ಕಳೆಯುವ ಲೆಕ್ಕವನ್ನು ಆಗಸ್ಟ್‌ನಲ್ಲೇ ಪೆನ್ಸಿಲ್ ಹಿಡಿದು ಯಾರು ಬೇಕಾದರೂ ಮಾಡಬಹುದಿತ್ತು. ಅಂಕಿಗಳೆಲ್ಲ ಬಹಿರಂಗವಾಗಿದ್ದವು.

ಡಿಸೆಂಬರ್ ಕೊನೆಯಲ್ಲಿ ಸ್ಥಾಪಕರು ತಮ್ಮ ಪಾಲಿನಲ್ಲಿ ಶೇ 27.26ರಷ್ಟನ್ನು ಹೊಸಬರಿಗೇ ಮಾರಿದರು, ತಲಾ 342.65 ರೂಪಾಯಿಗೆ. ಅದಾನಿ ಸಮೂಹದ ಪಾಲು ಶೇ 64 ದಾಟಿತು. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ನಿಯಮ ಕೆಲಸಕ್ಕೆ ಬಂತು. ಕೊಡುಗೆ ಮುಗಿದ 26 ವಾರಗಳೊಳಗೆ ಕೊಳ್ಳುವವರು ಹೆಚ್ಚಿನ ಬೆಲೆಗೆ ಹೀಗೆ ಷೇರು ಕೊಂಡರೆ, ಕೊಡುಗೆಯಲ್ಲಿ ಷೇರು ಕೊಟ್ಟವರಿಗೂ ವ್ಯತ್ಯಾಸ ಕಟ್ಟಿಕೊಡಬೇಕು. ಪೇಟೆಯಲ್ಲಿ ಮಾಮೂಲಿಯಾಗಿ ನಡೆಯುವ ಖರೀದಿಗೆ ಇದು ಅನ್ವಯಿಸದು. 342.65ರಲ್ಲಿ 294 ಕಳೆದರೆ 48.65. 294ಕ್ಕೆ ಕೊಟ್ಟವರಿಗೆ ಷೇರಿಗೆ ಅಷ್ಟು ಹಣ ಮತ್ತೆ ಸಿಕ್ಕಿತು.

ಹಾಗೆಂದು ಪತ್ರ ಎಲ್ಲವನ್ನೂ ಹೇಳುತ್ತದೆ ಎಂದಲ್ಲ. ಸ್ಥಾಪಕರು ಕೊನೆಗೆ ಮಾರುತ್ತಾರೆ ಎಂಬುದು ಅದರಲ್ಲಿ ಇರಲಿಲ್ಲ, ಇರುವುದೂ ಸಾಧ್ಯವಿರಲಿಲ್ಲ. ವಾರಂಟ್ ಷೇರಾಗುವುದಕ್ಕೇ ತಕರಾರು ಎದ್ದು, ಅಕ್ಟೋಬರ್‌ನಲ್ಲಿ ತೆರೆಯಬೇಕಿದ್ದ ಕೊಡುಗೆ ನವೆಂಬರ್‌ಗೆ ಹೋಯಿತು. ಆದ್ದರಿಂದ ‘ಅನುಮತಿಗಳು’ ಮತ್ತು ‘ಅಪಾಯಗಳು’ ಎಂಬ ಭಾಗಗಳನ್ನು ವಕೀಲರ ಗೊಣಗಾಟ ಎಂದು ದಾಟಿ ಹೋಗಬೇಡಿ. ದಿನಾಂಕ ಮುಂದೆ ಹೋಗುವ ಸುಳಿವು ಅಲ್ಲಿ ಸಿಗುತ್ತದೆ.

ಮುಂದಿನ ಸಲ ಇಂಥ ಪತ್ರ ನಿಮ್ಮ ಇ–ಮೇಲ್‌ಗೆ ಬಂದಾಗ ಬೆಲೆಯನ್ನು ಕೊನೆಗೆ ಇಟ್ಟುಕೊಳ್ಳಿ. ಜೊತೆಗೂಡಿದವರ ಹೆಸರು ಓದಿ, ಹಿನ್ನೆಲೆ ಓದಿ, ಈಗಿನ ಯಜಮಾನರ ಪಾಲು ಎಷ್ಟು ಹೋಳಾಗಿದೆ ಎಂದು ಕಳೆದು ನೋಡಿ. ಷೇರು ಕೊಡುವುದೋ ಇಟ್ಟುಕೊಳ್ಳುವುದೋ ಆಮೇಲೆ ತೀರ್ಮಾನಿಸಿ. ಇಟ್ಟುಕೊಂಡರೆ ನಾಳೆಯಿಂದ ಯಾರ ಕೈಕೆಳಗಿನ ಕಂಪನಿಯಲ್ಲಿ ನೀವು ಪಾಲುದಾರರು ಎಂಬುದಾದರೂ ತಿಳಿದಿರಲಿ.