ಹಾಳೆ ಹೋದರೂ ಅಳತೆ ಉಳಿಯಲಿ
ಹಿರಿಯೂರಿನ ಮನೆಯೊಂದರ ಕಡತದಲ್ಲಿ ಈ ವಾರ ನೋಡಿದಾಗ ಮುಂಭಾಗದ ಎಲಿವೇಷನ್ ಹಾಳೆ ಇರಲಿಲ್ಲ. ‘ಎರಡು ಕಿಟಕಿ, ಒಂದು ಬಾಗಿಲು’ ಎಂಬ ಟಿಪ್ಪಣಿಯಷ್ಟೇ ಇತ್ತು. ಇಷ್ಟರಿಂದ ಯಾವ ಮೇಸ್ತ್ರಿಯೂ ಗೋಡೆ ಎಬ್ಬಿಸಲಾರ. ಬಸ್ ನಿಲ್ದಾಣದಿಂದ ಮನೆಗೆ ದಾರಿ ಹೇಳುವಂತೆ ವಿವರಣೆ ಎಡಮೂಲೆಯಿಂದ ಹೊರಡಬೇಕು: ಗೋಡೆ 4 ಅಡಿ, ಕಿಟಕಿ 5, ಗೋಡೆ 4, ಬಾಗಿಲು 4, ಗೋಡೆ 4, ಕಿಟಕಿ 5, ಗೋಡೆ 4. ಕೂಡಿದರೆ ಮನೆಯ ಅಗಲ 30 ಅಡಿ ಬರಬೇಕು. ಬಾರದಿದ್ದರೆ ಯಾವುದೋ ಅಳತೆ ತಪ್ಪಿದೆ. ಎತ್ತರಗಳನ್ನೆಲ್ಲ ಒಳನೆಲದಿಂದಲೇ ಹೇಳಬೇಕು: ಕಿಟಕಿಯ ತಳ 3 ಅಡಿ, ಕಿಟಕಿ-ಬಾಗಿಲುಗಳ ತಲೆ 7. ಆ ನೆಲ ರಸ್ತೆಗಿಂತ 2 ಅಡಿ ಮೇಲಿದ್ದರೆ ಅದನ್ನು ಬೇರೆಯಾಗಿ ಬರೆಯಬೇಕು. ಕಿಟಕಿಯನ್ನು ಮಾತ್ರ ರಸ್ತೆಯಿಂದ ಅಳೆದರೆ ಅದರ ಲಿಂಟೆಲ್ ಬಾಗಿಲಿನದಕ್ಕಿಂತ 2 ಅಡಿ ಕೆಳಗಿಳಿಯುತ್ತದೆ. ಮನೆ ಕಟ್ಟಿಸುವವರು ನಕ್ಷೆಯ ಜೊತೆ ಇಂಥ ವಿವರಣೆಯನ್ನೂ ಬರೆಸಿಟ್ಟುಕೊಳ್ಳಿ.