ಮೋಟಾರ್ ಓಡುತ್ತಲೇ ಇದ್ದರೂ ಯಂತ್ರ ನಿಂತು ನಿಂತು ಚಲಿಸುವುದು ಹೇಗೆ?

ಮಸಾಲೆ ಪುಡಿಯ ಪೊಟ್ಟಣ ಕಟ್ಟುವ ಯಂತ್ರದ ವಿಡಿಯೋ ನೀವು ನೋಡಿರಬಹುದು. ಪ್ಲಾಸ್ಟಿಕ್ ಹಾಳೆ ಒಂದು ಪೊಟ್ಟಣದಷ್ಟು ಮುಂದೆ ಬಂದು ನಿಲ್ಲುತ್ತದೆ, ಸೀಲ್ ಆಗುತ್ತದೆ, ಮತ್ತೆ ಚಲಿಸುತ್ತದೆ. ಪ್ರತಿ ಸಲವೂ ಮೋಟಾರ್ ಆನ್-ಆಫ್ ಆಗುತ್ತಿದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಸಾಮಾನ್ಯ ಇಂಡಕ್ಷನ್ ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ನಿಮಿಷಕ್ಕೆ 60 ಸಲ ಹೀಗೆ ಮಾಡಿದರೆ ವೈಂಡಿಂಗ್ ಬೇಗ ಸುಟ್ಟುಹೋಗುತ್ತದೆ.

ಹಾಗಾಗಿ ಇಂಥ ಅನೇಕ ಯಂತ್ರಗಳಲ್ಲಿ ಮೋಟಾರ್ ಓಡುತ್ತಲೇ ಇರುತ್ತದೆ. ಅದಕ್ಕೂ ಹಾಳೆ ಎಳೆಯುವ ರೋಲರಿಗೂ ನಡುವೆ ವಿದ್ಯುತ್ಕಾಂತೀಯ ಕ್ಲಚ್, ಬ್ರೇಕ್ ಜೋಡಿ ಇರುತ್ತದೆ. ಕ್ಲಚ್ಚಿನ ಕಾಯಿಲಿಗೆ ಸಾಮಾನ್ಯವಾಗಿ 24 ವೋಲ್ಟ್ ಡಿಸಿ ಕೊಟ್ಟಾಗ ಅದು ಅಯಸ್ಕಾಂತವಾಗಿ ಕಬ್ಬಿಣದ ತಟ್ಟೆಯನ್ನು ಸೆಳೆದು ಹಿಡಿಯುತ್ತದೆ, ರೋಲರ್ ತಿರುಗುತ್ತದೆ. ಹಾಳೆಯ ಮೇಲಿನ ಗುರುತನ್ನು ಸೆನ್ಸರ್ ಕಂಡ ತಕ್ಷಣ ಕ್ಲಚ್ ಬಿಡುತ್ತದೆ, ಬ್ರೇಕ್ ಹಿಡಿಯುತ್ತದೆ. (ಹೊಸ ಯಂತ್ರಗಳಲ್ಲಿ ಈ ಕೆಲಸವನ್ನು ಸರ್ವೋ ಮೋಟಾರ್ ಮಾಡುವುದುಂಟು.)

ನಾಜೂಕು ಇರುವುದು ಸಮಯದಲ್ಲಿ. 100 ಮಿಲಿಮೀಟರ್ ಉದ್ದದ ಪೊಟ್ಟಣ, ನಿಮಿಷಕ್ಕೆ 60 ಎಂದಿಟ್ಟುಕೊಳ್ಳಿ. ಒಂದು ಸೆಕೆಂಡಿನ ಅರ್ಧ ಹಾಳೆ ಎಳೆಯಲು ಹೋದರೆ ವೇಗ ಸೆಕೆಂಡಿಗೆ 200 ಮಿಲಿಮೀಟರ್. ಬ್ರೇಕ್ ಹಿಡಿಯುವುದು ಸೆಕೆಂಡಿನ ನೂರನೇ ಒಂದು ಭಾಗ ತಡವಾದರೂ ಹಾಳೆ 2 ಮಿಲಿಮೀಟರ್ ಮುಂದೆ ಜಾರುತ್ತದೆ. ಪ್ರತಿ ಸಲ ಅಷ್ಟೇ ತಡವಾದರೆ ತೊಂದರೆಯಿಲ್ಲ, ಸೆನ್ಸರನ್ನು ಸ್ವಲ್ಪ ಸರಿಸಿದರಾಯಿತು. ಒಂದೊಂದು ಸಲ ಒಂದೊಂದು ರೀತಿ ಆದಾಗ ಮಾತ್ರ ಕತ್ತರಿ ಹೆಸರಿನ ಮೇಲೇ ಬೀಳುತ್ತದೆ.

ಹೀಗಾಗಲು ಮುಖ್ಯ ಕಾರಣ ಸವೆತ. ಎಂಟು ಗಂಟೆಯ ಪಾಳಿಯಲ್ಲಿ 28,800 ಸಲ ಉಜ್ಜಿದ ಮೇಲೆ ಸವೆಯದೇ ಇರುತ್ತದೆಯೇ? ಸವೆದಂತೆ ಕಾಯಿಲಿಗೂ ತಟ್ಟೆಗೂ ನಡುವಿನ ಕೂದಲೆಳೆಯಷ್ಟು ಅಂತರ ಹೆಚ್ಚುತ್ತದೆ, ಸೆಳೆತ ಬೇಗ ಕುಸಿಯುತ್ತದೆ, ತಟ್ಟೆ ತಡವಾಗಿ ಅಂಟುತ್ತದೆ. ಬೆಳಿಗ್ಗೆ ಸರಿಯಿದ್ದ ಯಂತ್ರ ಬಿಸಿಯಾದ ಮೇಲೆ ಅಳತೆ ತಪ್ಪಿದರೆ ಮೊದಲು ಈ ಅಂತರವನ್ನೇ ನೋಡಬೇಕು, ಏಕೆಂದರೆ ಬಿಸಿಯಾದ ಕಾಯಿಲಿನ ಬಲವೂ ಕಡಿಮೆ. ಎಣ್ಣೆ ಜಿನುಗಿದರೂ ಬ್ರೇಕ್ ಜಾರುತ್ತದೆ.

ಇನ್ನೊಂದು ತಪ್ಪು ನಂಬಿಕೆ ಅಪಾಯಕಾರಿ: "ಕರೆಂಟ್ ಹೋದರೆ ಬ್ರೇಕ್ ತಾನೇ ಬೀಳುತ್ತೆ." ಲಿಫ್ಟಿನಲ್ಲಿ ಅದು ನಿಜ, ಅಲ್ಲಿ ಸ್ಪ್ರಿಂಗ್ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ, ಕರೆಂಟ್ ಅದನ್ನು ಬಿಡಿಸುತ್ತದೆ. ಇಲ್ಲಿ ಹೇಳಿದ ಬ್ರೇಕ್ ತದ್ವಿರುದ್ಧ. ಕರೆಂಟ್ ಇದ್ದರಷ್ಟೇ ಹಿಡಿತ. ಪವರ್ ಹೋದಾಗ ಕ್ಲಚ್, ಬ್ರೇಕ್ ಎರಡೂ ಬಿಟ್ಟು ರೋಲರ್ ಇದ್ದ ವೇಗದಲ್ಲೇ ಇನ್ನಷ್ಟು ತಿರುಗುತ್ತದೆ. ಸಿಕ್ಕಿಕೊಂಡ ಹಾಳೆ ಬಿಡಿಸಲು ಮೇನ್ ಸ್ವಿಚ್ ಆಫ್ ಮಾಡಿದ ತಕ್ಷಣ ಕೈ ಹಾಕಬಾರದು. ತಿರುಗುವ ಭಾಗಗಳೆಲ್ಲ ಪೂರ್ತಿ ನಿಂತಿವೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಕೈ ಹಾಕಬೇಕು.