ಬಾಂಡ್ ಬಗ್ಗೆ ಮೊದಲೇ ಕೇಳುವುದು ಅಧಿಕಪ್ರಸಂಗವಲ್ಲ

ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾದ ಮಕ್ಕಳಿಗೆ ಅನೇಕ ಇಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಕೊಡುವ ಬುದ್ಧಿವಾದ ಒಂದೇ: ಆಫರ್ ಬಂದಿದೆ, ಸುಮ್ಮನೆ ಒಪ್ಪಿಕೊಳ್ಳಿ, ಬಾಂಡು ಗೀಂಡು ಎಂದು ಕೇಳಿ ಕಂಪನಿಯವರ ಮನಸ್ಸು ಕೆಡಿಸಬೇಡಿ. ಈ ಬುದ್ಧಿವಾದ ತಪ್ಪು. ಒಪ್ಪಿಗೆ ಕೊಡುವ ಮುಂಚೆಯೇ, ಫೋನಿನಲ್ಲಲ್ಲ, ಇಮೇಲಿನಲ್ಲೇ ಬಾಂಡ್ ಬಗ್ಗೆ ಕೇಳಬೇಕು. ಕೇಳಿದವರನ್ನು ಗದರಿಸುವ ಹಕ್ಕು ಕಾಲೇಜಿಗೂ ಇಲ್ಲ, ನೇಮಕಾತಿ ವಿಭಾಗಕ್ಕೂ ಇಲ್ಲ.

2025ರ ಮೇ 14ರಂದು ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ 'ಬಾಂಡ್ ಈಗ ಪಕ್ಕಾ ಕಾನೂನುಬದ್ಧ' ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದನ್ನು ಹೇಳುವವರು ತೀರ್ಪಿನ ಅರ್ಧವನ್ನಷ್ಟೇ ಹೇಳುತ್ತಿದ್ದಾರೆ. ಹಿರಿಯ ವ್ಯವಸ್ಥಾಪಕರ ಹುದ್ದೆಗೆ ಸೇರಿದ್ದ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ, 2009ರಲ್ಲಿ, ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟು, ಆಕ್ಷೇಪದೊಂದಿಗೇ 2 ಲಕ್ಷ ರೂಪಾಯಿ ಕಟ್ಟಿದ್ದರು. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಅಷ್ಟು ಹಣ ಕಟ್ಟಬೇಕೆಂಬ ಷರತ್ತು ಸಲ್ಲದು ಎಂದು ಕರ್ನಾಟಕ ಹೈಕೋರ್ಟ್ ಹೇಳಿತ್ತು; ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಬ್ಯಾಂಕಿನ ಪರ ನಿಂತಿತು. ಸಾರ್ವಜನಿಕ ವಲಯದ ಬ್ಯಾಂಕು ಒಂದು ಹುದ್ದೆ ಖಾಲಿಯಾದರೆ ಮತ್ತೆ ಜಾಹೀರಾತು ಕೊಟ್ಟು, ಎಲ್ಲರಿಗೂ ಮುಕ್ತವಾದ ದೀರ್ಘ ಆಯ್ಕೆ ಪ್ರಕ್ರಿಯೆ ನಡೆಸಬೇಕು, ಅದಕ್ಕೆ ಖರ್ಚಾಗುತ್ತದೆ ಎಂಬುದು ನ್ಯಾಯಾಲಯ ಕೊಟ್ಟ ಮುಖ್ಯ ಕಾರಣಗಳಲ್ಲೊಂದು. ಆದರೆ ಇದರಲ್ಲಿ ಇನ್ನೊಂದು ಸಂಗತಿಯಿದೆ. 2 ಲಕ್ಷದ ಷರತ್ತು ನೇಮಕಾತಿ ಅಧಿಸೂಚನೆಯಲ್ಲೇ ಅಚ್ಚಾಗಿತ್ತು. ಅರ್ಜಿ ಹಾಕುವ ಪ್ರತಿಯೊಬ್ಬರೂ ಮೊತ್ತವನ್ನೂ ಅವಧಿಯನ್ನೂ ಓದಿಯೇ ಅರ್ಜಿ ಹಾಕಬಹುದಿತ್ತು. ಈ ತೀರ್ಪನ್ನು ಎತ್ತಿ ತೋರಿಸುವ ಖಾಸಗಿ ಕಂಪನಿಗಳು ಮೊದಲು ಆ ಬ್ಯಾಂಕಿನಷ್ಟು ಮುಂಚಿತವಾಗಿ ಷರತ್ತು ತಿಳಿಸಲಿ.

ಹಾಗೆ ತಿಳಿಸುವವರು ಕಡಿಮೆ. ಆಫರ್ ಲೆಟರ್‌ನಲ್ಲಿ 'ಕಂಪನಿಯ ನಿಯಮಗಳಿಗೆ ಹಾಗೂ ಸೇವಾ ಒಪ್ಪಂದಕ್ಕೆ ಬದ್ಧರಾಗಿರತಕ್ಕದ್ದು' ಎಂಬ ಒಂದು ಸಾಲು ಇರುತ್ತದೆ. ಆ ಒಪ್ಪಂದದ ಕಾಗದ ಕಣ್ಣಿಗೆ ಬೀಳುವುದು ಕೆಲಸಕ್ಕೆ ಸೇರುವ ದಿನ, ಛಾಪಾ ಕಾಗದದ ಮೇಲೆ, ತಂದೆ ಜಾಮೀನುದಾರರಾಗಿ ಸಹಿ ಹಾಕುವ ಜಾಗದ ಸಮೇತ. ಅಷ್ಟು ಹೊತ್ತಿಗೆ ಬೆಂಗಳೂರಿನ ಪಿಜಿಗೆ ಅಡ್ವಾನ್ಸ್ ಕಟ್ಟಿ ಆಗಿರುತ್ತದೆ. 'ಒಬ್ಬರಿಗೆ ಒಂದೇ ಆಫರ್' ಎಂಬ ಕಾಲೇಜಿನ ನಿಯಮದಿಂದಾಗಿ ಉಳಿದ ಕಂಪನಿಗಳ ಸಂದರ್ಶನವೂ ಕೈತಪ್ಪಿರುತ್ತದೆ. ಅಲ್ಲಿ ಕೂತು ಸಹಿ ಹಾಕುವುದಿಲ್ಲ ಎನ್ನುವ ಧೈರ್ಯ ಇಪ್ಪತ್ತೆರಡು ವರ್ಷದವರಿಂದ ನಿರೀಕ್ಷಿಸುವುದು ಅನ್ಯಾಯ. ಆಯ್ಕೆ ಕೈಯಲ್ಲಿರುವುದು ಒಪ್ಪಿಗೆಗೆ ಮುಂಚಿನ ಆ ಕೆಲವು ದಿನ ಮಾತ್ರ. ಅದಕ್ಕೇ ಮೇಲ್ ಆಗಲೇ ಹೋಗಬೇಕು.

ಏನು ಕೇಳಬೇಕೆಂದು ತಿಳಿಯಲು ಒಂದು ಲೆಕ್ಕ ಹಾಕೋಣ. ಎರಡು ವರ್ಷದ ಬಾಂಡ್, 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಹುಡುಗಿ 2025ರ ಆಗಸ್ಟ್ 1ಕ್ಕೆ ಸೇರಿದಳು, ಅಕ್ಟೋಬರ್ ಕೊನೆಯವರೆಗೆ ತರಬೇತಿ. ಎರಡು ವರ್ಷ ಮುಗಿಯಿತೆಂದು 2027ರ ಜುಲೈ 31ಕ್ಕೆ ಬಿಡಲು ಹೊರಟಳು. ಒಪ್ಪಂದದಲ್ಲಿ 'ತರಬೇತಿ ಪೂರ್ಣಗೊಂಡ ದಿನದಿಂದ' ಎಂದಿದ್ದರೆ ಅವಳ ಬಾಂಡ್ ಮುಗಿಯುವುದು 2027ರ ಅಕ್ಟೋಬರ್ 31ಕ್ಕೆ. ಕೊರತೆ ಮೂರು ತಿಂಗಳು. ಸೇವೆ ಸಲ್ಲಿಸಿದಷ್ಟು ಮೊತ್ತ ಇಳಿಯುತ್ತದೆ ಎಂದು ಬರೆದಿದ್ದರೆ ಅವಳು ಕಟ್ಟಬೇಕಾದ್ದು 25,000. ಹಾಗೆ ಬರೆದಿಲ್ಲದಿದ್ದರೆ ಕಂಪನಿ ಕೇಳುವುದು ಪೂರ್ತಿ 2 ಲಕ್ಷ. ಎರಡರ ನಡುವೆ ಇರುವುದು ಒಂದೇ ಒಂದು ವಾಕ್ಯ.

ಕೇಳಿದಷ್ಟನ್ನೂ ಕೋರ್ಟು ಕೊಡಿಸುವುದಿಲ್ಲ ಎಂಬುದು ನಿಜ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಒಪ್ಪಂದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯಯುತವಾದಷ್ಟು ಪರಿಹಾರ ಸಿಗುತ್ತದೆ. 2011ರಲ್ಲಿ ಸಿಕ್ಪಾ ಇಂಡಿಯಾ ಪ್ರಕರಣದಲ್ಲಿ ಮೂರು ವರ್ಷದ, 2 ಲಕ್ಷದ ಬಾಂಡ್ ದೆಹಲಿ ಹೈಕೋರ್ಟ್ ಮುಂದೆ ಬಂದಿತ್ತು. ತರಬೇತಿಗೆ ಕಂಪನಿ ಮಾಡಿದ ಖರ್ಚು 67,595 ರೂಪಾಯಿ. ನೌಕರ ಎರಡು ವರ್ಷ ದುಡಿದಿದ್ದರಿಂದ ಉಳಿದ ಮೂರನೇ ಒಂದು ಪಾಲು, 22,532 ರೂಪಾಯಿ ಮಾತ್ರ ಕಂಪನಿಗೆ ಸಂದಿತು. ಆದರೆ ಹೊಸದಾಗಿ ದುಡಿಯಲು ಹೊರಟವರಿಗೆ ಹೈಕೋರ್ಟು ಹತ್ತುವ ಶಕ್ತಿ ಎಲ್ಲಿದೆ? ರಿಲೀವಿಂಗ್ ಲೆಟರ್ ತಡೆಹಿಡಿದರೆ ಸಾಕು, ಹೊಸ ಕೆಲಸಕ್ಕೆ ಸೇರುವ ಆತುರದಲ್ಲಿ ಸಾಲ ಮಾಡಿಯಾದರೂ ಹಣ ಕಟ್ಟುತ್ತಾರೆ. ಕಾನೂನಿನ ರಕ್ಷಣೆ ತಡವಾಗಿ ಬರುತ್ತದೆ. ಮೇಲ್ ಮೊದಲೇ ಹೋಗುತ್ತದೆ.

ಮೇಲ್ ಇಂಗ್ಲಿಷಿನಲ್ಲೇ ಇರಲಿ, ಒಳಗಿನ ಮಾತು ಇಷ್ಟಿದ್ದರೆ ಸಾಕು: 'ಆಫರ್‌ಗೆ ಧನ್ಯವಾದ. ಒಪ್ಪಿಗೆ ಕಳಿಸುವ ಮೊದಲು ಒಂದು ಸ್ಪಷ್ಟನೆ ಬೇಕು. ಈ ಹುದ್ದೆಗೆ ಸೇವಾ ಒಪ್ಪಂದ ಅಥವಾ ತರಬೇತಿ ಬಾಂಡ್ ಇದೆಯೇ? ಇದ್ದರೆ ಮೊತ್ತ ಎಷ್ಟು, ಅವಧಿ ಯಾವ ದಿನದಿಂದ ಎಣಿಕೆ, ಸೇವೆ ಮುಂದುವರಿದಂತೆ ಮೊತ್ತ ಇಳಿಯುತ್ತದೆಯೇ? ಕಂಪನಿಯೇ ಕೆಲಸದಿಂದ ತೆಗೆದರೆ ಬಾಂಡ್ ಅನ್ವಯಿಸುತ್ತದೆಯೇ? ಮೂಲ ಅಂಕಪಟ್ಟಿ, ಚೆಕ್ ಅಥವಾ ಜಾಮೀನು ಕೇಳುತ್ತೀರಾ? ಒಪ್ಪಂದದ ಕರಡು ಪ್ರತಿ ಕಳಿಸಿದರೆ ಓದಿ, ನೀವು ಕೊಟ್ಟ ಗಡುವಿನೊಳಗೆ ಉತ್ತರಿಸುತ್ತೇನೆ.' ಚೆಕ್‌ನ ಪ್ರಶ್ನೆ ಬಿಡಬೇಡಿ. ಸಹಿ ಮಾಡಿದ ಖಾಲಿ ಚೆಕ್ ಕೊಟ್ಟರೆ, ನಾಳೆ ಅದು ಬೌನ್ಸ್ ಆದಾಗ ಸಿವಿಲ್ ವ್ಯಾಜ್ಯ ಕ್ರಿಮಿನಲ್ ಕೇಸಾಗಿ ತಿರುಗುತ್ತದೆ.

ಇದನ್ನು ಕಾಲೇಜಿನ ಐಡಿಯಿಂದಲ್ಲ, ಸ್ವಂತ ಐಡಿಯಿಂದ ಕಳಿಸಿ; ಓದು ಮುಗಿದ ಮೇಲೆ ಕಾಲೇಜಿನ ಐಡಿ ನಿಂತುಹೋಗಬಹುದು. ನಡುವೆ ಕನ್ಸಲ್ಟೆನ್ಸಿ ಇದ್ದರೆ ಕಂಪನಿಯ ಎಚ್‌ಆರ್ ವಿಳಾಸಕ್ಕೂ ಪ್ರತಿ ಹೋಗಲಿ, ಏಕೆಂದರೆ ಕನ್ಸಲ್ಟೆನ್ಸಿಯವರ ಮಾತಿಗೆ ತಾನು ಹೊಣೆಯಲ್ಲ ಎಂದು ಕಂಪನಿ ಹೇಳಬಹುದು. ಉತ್ತರ ಬಹಳ ಸಲ ಫೋನಿನಲ್ಲಿ ಬರುತ್ತದೆ: 'ಅದೆಲ್ಲಾ ಬರೀ ಫಾರ್ಮಾಲಿಟಿ, ಯಾರ ಹತ್ರಾನೂ ದುಡ್ಡು ತಗೊಂಡಿಲ್ಲ.' ಫೋನ್ ಇಟ್ಟ ತಕ್ಷಣ 'ನೀವು ಹೇಳಿದ್ದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿಳಿಸಿ' ಎಂದು ಅದೇ ಮೇಲ್‌ನ ಕೆಳಗೆ ಬರೆದು ಕಳಿಸಬೇಕು. 'ಕಂಪನಿಯ ನಿಯಮದಂತೆ' ಎಂದಷ್ಟೇ ಬಂದರೆ ಉತ್ತರ ಬಂದಿಲ್ಲವೆಂದೇ ಲೆಕ್ಕ. ಇಷ್ಟಾದರೂ ಮೇಲ್‌ಗೆ ಒಂದು ಮಿತಿಯಿದೆ. ಹಿಂದಿನ ಎಲ್ಲ ಮಾತುಕತೆಗಳನ್ನೂ ಈ ಒಪ್ಪಂದ ರದ್ದುಪಡಿಸುತ್ತದೆ ಎಂಬ ಷರತ್ತು ಅನೇಕ ಒಪ್ಪಂದಗಳಲ್ಲಿರುತ್ತದೆ. ಹಾಗಾಗಿ ಸಹಿ ಹಾಕುವ ಕಾಗದವನ್ನು ಮೇಲ್‌ನ ಉತ್ತರದ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಲೇಬೇಕು.

ಕಂಪನಿಗಳ ಅಳಲಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ದುಬಾರಿ ಪ್ರಮಾಣಪತ್ರದ ಕೋರ್ಸಿಗೋ ವಿದೇಶದ ತರಬೇತಿಗೋ ಕಳಿಸಿದ ಮೇಲೆ ನೌಕರ ಮೂರೇ ತಿಂಗಳಲ್ಲಿ ಹೊರಟರೆ ನಷ್ಟ ನಿಜವಾದದ್ದು, ಅದನ್ನು ಕೇಳುವುದು ನ್ಯಾಯ. ಆದರೆ ಕೆಲಸದ ಜಾಗದಲ್ಲೇ ಹಿರಿಯರ ಪಕ್ಕ ಕೂರಿಸಿ ಕಂಪನಿಯ ಸಾಫ್ಟ್‌ವೇರ್ ಪರಿಚಯ ಮಾಡಿಸಿದ್ದಕ್ಕೆ 2 ಲಕ್ಷದ ಬೆಲೆ ಕಟ್ಟುವುದು ತರಬೇತಿಯ ಹೆಸರಿನಲ್ಲಿ ಜನರನ್ನು ಕಟ್ಟಿಹಾಕುವ ಉಪಾಯ. ನಿಜವಾದ ಖರ್ಚು ಮಾಡುವ ಕಂಪನಿಗೆ ಅದನ್ನು ಮೇಲ್‌ನಲ್ಲಿ ಬರೆದು ತಿಳಿಸಲು ಅಡ್ಡಿಯೇನಿಲ್ಲ.

ಪ್ರಶ್ನೆ ಕೇಳಿದ್ದಕ್ಕೇ ಆಫರ್ ಹಿಂತೆಗೆದುಕೊಳ್ಳುವವರೂ ಇರುತ್ತಾರೆ, ಒಪ್ಪಿಗೆಗೆ ಮುಂಚೆ ಅದನ್ನು ತಡೆಯುವುದು ಕಷ್ಟ. ಈ ಅಪಾಯವನ್ನು ಒಬ್ಬೊಬ್ಬ ವಿದ್ಯಾರ್ಥಿಯ ತಲೆಗೆ ಕಟ್ಟಿರುವುದೇ ಕಾಲೇಜುಗಳ ತಪ್ಪು. ಕಂಪನಿಯನ್ನು ಕ್ಯಾಂಪಸ್ಸಿಗೆ ಬಿಟ್ಟುಕೊಳ್ಳುವ ಮೊದಲೇ ಸೇವಾ ಒಪ್ಪಂದದ ಕರಡನ್ನು ಪ್ಲೇಸ್‌ಮೆಂಟ್ ಅಧಿಕಾರಿ ತರಿಸಿಕೊಂಡು ಸಂಬಳದ ವಿವರದ ಜೊತೆಗೇ ವಿದ್ಯಾರ್ಥಿಗಳಿಗೆ ಕೊಡಬೇಕು. ಬಚ್ಚಿಟ್ಟ ಬಾಂಡ್ ಸೇರುವ ದಿನ ಹೊರಬಿದ್ದರೆ 'ಒಬ್ಬರಿಗೆ ಒಂದೇ ಆಫರ್' ನಿಯಮವನ್ನು ಸಡಿಲಿಸಿ, ಆ ವಿದ್ಯಾರ್ಥಿಯನ್ನು ಮುಂದಿನ ಸಂದರ್ಶನಗಳಿಗೆ ಮತ್ತೆ ಕೂರಿಸಬೇಕು.